ಉಪ್ಪಿಟ್ಟು ಮಾಡಿ, ಆಮೇಲೆ ಮಾಡಿದ್ದನ್ನು ಹೇಳಿ

ಉಪ್ಪಿಟ್ಟಿನ ವಿಧಾನವನ್ನು ಓದಿ, ಅದನ್ನೇ ನಿನ್ನೆ ಮನೆಯಲ್ಲಿ ಮಾಡಿದಂತೆ ಬರೆಯುವುದು ಕನ್ನಡ ತರಗತಿಗೆ ಒಳ್ಳೆಯ ಅಭ್ಯಾಸ.

ವಿಧಾನ ಹೀಗಿದೆ ಎನ್ನಿ: “ಮೊದಲು 1 ಲೋಟ ರವೆಯನ್ನು ಘಮ್ಮೆನ್ನುವವರೆಗೆ ಹುರಿದು ತೆಗೆದಿಡಿ. ನಂತರ ಎಣ್ಣೆ ಕಾಯಿಸಿ ಸಾಸಿವೆ ಹಾಕಿ. ಅದು ಸಿಡಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ. ಈಗ ಎರಡೂವರೆ ಲೋಟ ನೀರು, ಉಪ್ಪು ಸೇರಿಸಿ ಕುದಿಸಿ. ಕೊನೆಗೆ ರವೆಯನ್ನು ಸ್ವಲ್ಪಸ್ವಲ್ಪವೇ ಸುರಿದು, ಗಂಟಾಗದಂತೆ ಕೈಯಾಡಿಸಿ, 5 ನಿಮಿಷ ಮುಚ್ಚಿಡಿ.”

ಮೊದಲು, ನಂತರ, ಕೊನೆಗೆ ಎಂಬ ಮಾತುಗಳು ಹಾಗೆಯೇ ಉಳಿಯುತ್ತವೆ. ‘ಈಗ’ ಮಾತ್ರ ‘ಆಗ’ ಎಂದಾಗಬೇಕು. ‘ಸಿಡಿದ ಮೇಲೆ’ ಎಂಬುದನ್ನೂ ಮುಟ್ಟಬೇಕಿಲ್ಲ.

ಮಕ್ಕಳು ಎಡವುವುದು ಎರಡನೆಯ ವಾಕ್ಯದಲ್ಲಿ. ‘ಕಾಯಿಸಿ’, ‘ಹಾಕಿ’ ಎರಡೂ ನೋಡಲು ಒಂದೇ ಬಗೆ. ಹಾಗಾಗಿ “ಎಣ್ಣೆ ಕಾಯಿಸಿದೆವು ಸಾಸಿವೆ ಹಾಕಿದೆವು” ಎಂದು ಬರೆದುಬಿಡುತ್ತಾರೆ. ಆದರೆ ಇಲ್ಲಿ ಅಪ್ಪಣೆ ಇರುವುದು ‘ಹಾಕಿ’ಯಲ್ಲಿ ಮಾತ್ರ. ಪರೀಕ್ಷಿಸುವುದು ಸುಲಭ: ಅದೇ ಮಾತನ್ನು ತಮ್ಮನಿಗೋ ತಂಗಿಗೋ ಹೇಳಿನೋಡಲಿ. “ಎಣ್ಣೆ ಕಾಯಿಸಿ ಸಾಸಿವೆ ಹಾಕು” ಎನ್ನುತ್ತಾರೆ. ಬದಲಾದ ಪದವೇ ಭೂತಕಾಲಕ್ಕೂ ಬದಲಾಗಬೇಕಾದದ್ದು: “ಎಣ್ಣೆ ಕಾಯಿಸಿ ಸಾಸಿವೆ ಹಾಕಿದೆವು.” ಕೊನೆಯ ವಾಕ್ಯದಲ್ಲೂ ಅಷ್ಟೆ, ‘ಸುರಿದು’, ‘ಕೈಯಾಡಿಸಿ’ ಉಳಿದು, “5 ನಿಮಿಷ ಮುಚ್ಚಿಟ್ಟೆವು” ಎಂದು ವಾಕ್ಯ ಮುಗಿಯುತ್ತದೆ.

‘ಮುಚ್ಚಿಡಿ’ ಎಂಬುದು ‘ಮುಚ್ಚಿಡಿದೆವು’ ಆಗುವುದಿಲ್ಲ ಎಂಬುದನ್ನೂ ಮಕ್ಕಳು ಇಲ್ಲೇ ಕಲಿಯುತ್ತಾರೆ. ಇಡು–ಇಟ್ಟೆವು, ಬಿಡು–ಬಿಟ್ಟೆವು, ಕೊಡು–ಕೊಟ್ಟೆವು ಇವೆಲ್ಲ ಒಂದೇ ದಾರಿಯವು. ಶಿಕ್ಷಕರು ವಿಧಾನವನ್ನು ಆರಿಸುವಾಗ ಇಂಥ ಎರಡು ಕ್ರಿಯಾಪದಗಳಾದರೂ ಅದರಲ್ಲಿರುವಂತೆ ನೋಡಿಕೊಳ್ಳಲಿ.