ಕಣ್ಣಡಿಯ ಕಪ್ಪಿಗೆ ಬಿಳುಪು ಮದ್ದಲ್ಲ

ಯಾರದಾದರೂ ಮದುವೆಯ ಆಲ್ಬಂ ತೆರೆದು ನೋಡಿ. ಹೆಣ್ಣಿನ ಹಣೆ, ಕೆನ್ನೆ, ಗಲ್ಲ ಎಲ್ಲವೂ ಚೆಂದವಾಗಿಯೇ ಬಂದಿರುತ್ತವೆ. ಕಣ್ಣಿನ ಕೆಳಗೆ ಮಾತ್ರ ಎರಡು ಅರ್ಧಚಂದ್ರಗಳು ಬೂದು ಬಣ್ಣಕ್ಕೆ ತಿರುಗಿರುತ್ತವೆ. ಪಾಪ, ನಿದ್ದೆಗೆಟ್ಟಿದ್ದಾಳೆ ಅಂದುಕೊಳ್ಳುತ್ತೇವೆ. ನಿದ್ದೆಗೆಟ್ಟಿರುವುದೂ ನಿಜವೇ ಇರಬಹುದು. ಆದರೆ ಆ ಬೂದು ಬಂದದ್ದು ನಿದ್ದೆಯಿಂದಲ್ಲ, ಕಪ್ಪನ್ನು ಮುಚ್ಚಲೆಂದು ಹಚ್ಚಿದ ಬಣ್ಣದಿಂದ.

ಕಣ್ಣಡಿ ಕಪ್ಪಗಿದೆ, ಹಾಗಾಗಿ ಬೆಳ್ಳಗಿನದನ್ನು ಹಚ್ಚಬೇಕು ಎನ್ನುವುದು ಎಲ್ಲರ ಲೆಕ್ಕ. ಅದಕ್ಕೇ ಮೈಬಣ್ಣಕ್ಕಿಂತ ಎರಡು ಮೂರು ಶೇಡ್ ತಿಳಿಯಾದ ಕನ್ಸೀಲರ್ ಕೊಂಡುಕೊಳ್ಳುತ್ತೇವೆ. ಕನ್ಸೀಲರ್‌ಗೆ ಬಿಳುಪು ಬರುವುದು ಹೆಚ್ಚಾಗಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯಿಂದ. ಅದನ್ನು ಕಣ್ಣಡಿಗೆ ದಪ್ಪಗೆ ಮೆತ್ತಲಾಗದು, ಗೆರೆಗಟ್ಟುತ್ತದೆ. ತೆಳುವಾಗಿ ಹಚ್ಚಿದರೆ ಅಡಿಯ ಕಪ್ಪು ಇಣುಕುತ್ತದೆ. ಹೊಗೆ ಹಿಡಿದ ಅಡುಗೆಮನೆ ಗೋಡೆಗೆ ಒಂದೇ ಕೈ ತೆಳು ಸುಣ್ಣ ಹೊಡೆದರೆ ಗೋಡೆ ಬೆಳ್ಳಗಾಗುವುದಿಲ್ಲ, ನೀಲಿ ಬೆರೆತ ಬೂದು ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಆಗುವುದೂ ಅದೇ. ಕಪ್ಪಿನ ಮೇಲೆ ಕುಳಿತ ತೆಳ್ಳನೆಯ ಬಿಳಿ ಪದರ ಬೆಳಕಿನ ನೀಲಿ ಭಾಗವನ್ನು ಹೆಚ್ಚು ಚದುರಿಸಿ ಹಿಂದಕ್ಕೆ ಕಳಿಸುತ್ತದೆ.

ಅದು ಸಾಲದೆಂಬಂತೆ, ಕಣ್ಣಡಿಯ ಕಪ್ಪಿನಲ್ಲಿ ಮೊದಲೇ ನೀಲಿಯ ಛಾಯೆ ಇರುತ್ತದೆ. ರೆಪ್ಪೆಯ ಸುತ್ತಲಿನ ಚರ್ಮ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಅಷ್ಟೆ. ಮುಖದಲ್ಲೇ ಅತಿ ತೆಳುವಾದದ್ದು. ಅದರಡಿಯ ರಕ್ತನಾಳಗಳು ಹೊರಗೆ ನೀಲಿಯಾಗಿ, ನೇರಳೆಯಾಗಿ ತೋರುತ್ತವೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಂದು ಬಣ್ಣದ್ದೇ, ಆದರೆ ಅದು ಆಳದಲ್ಲಿ ಕೂತಿದ್ದರೆ ಕಣ್ಣಿಗೆ ಬೂದುನೀಲಿಯಾಗಿಯೇ ಕಾಣುತ್ತದೆ. ಈ ನೀಲಿಗೆ ಬಿಳಿ ಬೆರೆಸಿದರೆ ಬೂದು ಬಿಟ್ಟು ಬೇರೇನು ಬಂದೀತು?

ಹಾಗಾಗಿ ಮೊದಲು ತೆಗೆಯಬೇಕಾದದ್ದು ನೀಲಿಯನ್ನು. ಚಿತ್ರ ಬರೆಯುವವರಿಗೆ ಇದು ಹಳೆಯ ವಿಷಯ: ಬಣ್ಣದ ಚಕ್ರದಲ್ಲಿ ನೀಲಿಗೆ ಎದುರು ಕೂತಿರುವುದು ಕಿತ್ತಳೆ. ಎರಡನ್ನೂ ಕಲೆಸಿದರೆ ಒಂದರ ಹೊಳಪನ್ನು ಇನ್ನೊಂದು ನುಂಗಿ, ಕಂದಿನ ಕಡೆಗೆ ವಾಲುವ ಮಂಕು ಬಣ್ಣ ಉಳಿಯುತ್ತದೆ. ನಮಗೆ ಇದು ಅನುಕೂಲವೇ. ಕಂದು ಎಂದರೆ ಗಾಢವಾದ ಕಿತ್ತಳೆಯೇ, ನಮ್ಮ ಮೈಬಣ್ಣವೂ ಅದೇ ಮನೆತನದ್ದು. ಮೇಕಪ್ಪಿನವರು ಕರೆಕ್ಟರ್ ಎಂದು ಕರೆಯುವ ಕಿತ್ತಳೆ ಬಣ್ಣದ ಕ್ರೀಮಿನ ಕೆಲಸ ಇಷ್ಟೇ. ತಿಳಿ ಗೋಧಿಬಣ್ಣದವರಿಗೆ ಪೀಚ್ ಸಾಕು. ಮಧ್ಯಮ ಬಣ್ಣದವರಿಗೆ ಸರಿಯಾದ ಕಿತ್ತಳೆ ಬೇಕು. ಎಣ್ಣೆಗಪ್ಪಿನವರಿಗೆ ಇಟ್ಟಿಗೆಯ ಕೆಂಪಿಗೆ ವಾಲುವ ಕಿತ್ತಳೆಯೇ ಆಗಬೇಕು. ಗಾಢ ಬಣ್ಣದವರು ತಿಳಿ ಪೀಚ್ ಹಚ್ಚಿಕೊಂಡರೆ ಅದರಲ್ಲಿರುವ ಬಿಳಿಯೇ ಮತ್ತೆ ಬೂದು ಹೊಡೆಸುತ್ತದೆ. ಕಿತ್ತಳೆ ಛಾಯೆಯ ಲಿಪ್‌ಸ್ಟಿಕ್ಕನ್ನೇ ಕಣ್ಣಡಿಗೆ ಹಚ್ಚುವ ಉಪಾಯ ಮೊಬೈಲಿನಲ್ಲಿ ಬಹಳ ಓಡಾಡುತ್ತದೆ. ಅದು ತುಟಿಗೆಂದು ಮಾಡಿದ್ದು, ಕಣ್ಣಿನ ಪಕ್ಕ ಬೇಡ.

ಡಬ್ಬಿ ತೆರೆಯುವ ಮೊದಲು ಕನ್ನಡಿಯ ಮುಂದೆ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಕಿಟಕಿಗೆ ಮುಖ ಮಾಡಿ ನಿಂತು, ಕೈಗನ್ನಡಿ ಹಿಡಿದು, ಗಲ್ಲವನ್ನು ಸ್ವಲ್ಪ ಮೇಲಕ್ಕೆತ್ತಿ. ಬೆಳಕು ನೇರ ಕಣ್ಣಡಿಗೆ ಬಿದ್ದಾಗ ಕಪ್ಪು ಮುಕ್ಕಾಲು ಪಾಲು ಮಾಯವಾದರೆ ಅದು ಬಣ್ಣವಲ್ಲ, ನೆರಳು. ಕಣ್ಣಿನ ಒಳಮೂಲೆಯಿಂದ ಕೆನ್ನೆಯ ಕಡೆಗೆ ಓರೆಯಾಗಿ ಇಳಿಯುವ ಒಂದು ತಗ್ಗು ಇದೆ, ಅದರಲ್ಲಿ ಬೀಳುವ ನೆರಳು ಅದು. ಕಪ್ಪು ಹಾಗೇ ಉಳಿದರೆ ಚರ್ಮವನ್ನು ಬೆರಳಿನಿಂದ ಹಗುರವಾಗಿ ಪಕ್ಕಕ್ಕೆಳೆಯಿರಿ. ನೀಲಿ ಇನ್ನೂ ಎದ್ದು ಕಂಡರೆ ರಕ್ತನಾಳದ್ದು, ಕಂದು ಇದ್ದಷ್ಟೇ ಇದ್ದರೆ ಮೆಲನಿನ್‌ನದು. ನಮ್ಮಲ್ಲಿ ಬಹಳ ಮನೆಗಳಲ್ಲಿ ತಾಯಿ, ಮಗಳು, ಸೋದರತ್ತೆ ಎಲ್ಲರಿಗೂ ಇರುವುದು ಈ ಕಂದು. ಒಬ್ಬರ ಮುಖದಲ್ಲೇ ಮೂರೂ ಕಲೆತಿರುವುದೂ ಅಪರೂಪವಲ್ಲ.

ನಾದಿನಿಯ ಮಗಳ ಮದುವೆಯಲ್ಲಿ ಛತ್ರದ ಕೋಣೆಯೊಳಗೆ ನಡೆದದ್ದನ್ನು ಹೇಳಿದರೆ ವಿಷಯ ಬೇಗ ತಿಳಿಯುತ್ತದೆ. ನಾದಿನಿಗೆ ಐವತ್ತರ ಆಸುಪಾಸು, ಎಣ್ಣೆಗಪ್ಪು ಬಣ್ಣ. ಕಣ್ಣಡಿ ಒಳಮೂಲೆಯಲ್ಲಿ ಕಂದುನೀಲಿ, ಅದರ ಕೆಳಗೆ ತಗ್ಗು, ಜೊತೆಗೆ ಸಣ್ಣ ಊತ. ಮೇಕಪ್ ಹುಡುಗಿ ಮೊದಲು ಮಾಡಿದ್ದು ಹಿಂದಿನ ದಿನದ ಕಾಡಿಗೆ ತೆಗೆಯುವ ಕೆಲಸ. ಕೆಳರೆಪ್ಪೆಯಿಂದ ಇಳಿದ ಕಾಡಿಗೆ ಚರ್ಮದ ಗೆರೆಗಳಲ್ಲಿ ಕೂತಿತ್ತು; ಅರ್ಧ ಕಪ್ಪು ಅಲ್ಲೇ ಹೋಯಿತು. ಆಮೇಲೆ ಒಂದಿಷ್ಟು ಮಾಯಿಶ್ಚರೈಸರ್ ತಟ್ಟಿ ಐದು ನಿಮಿಷ ಬಿಟ್ಟಳು. ಜಿಡ್ಡು ಉಳಿದಿದ್ದರೆ ಮೇಲಿನ ಬಣ್ಣ ಜಾರುತ್ತದೆಂದು ಟಿಶ್ಯೂ ಕಾಗದ ಒತ್ತಿ ತೆಗೆದಳು.

ಕರೆಕ್ಟರ್ ತೆಗೆದುಕೊಂಡದ್ದು ಒಂದು ಕಣ್ಣಿಗೆ ಅರ್ಧ ಅಕ್ಕಿಕಾಳಿನಷ್ಟು. ಉಂಗುರ ಬೆರಳಿನಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಕಪ್ಪು ಇರುವ ಕಡೆ ಮಾತ್ರ ತಟ್ಟಿದಳು. ಕಪ್ಪಿನ ಗಡಿ ದಾಟಿದರೆ ಅಲ್ಲಿ ಅಳಿಸಬೇಕಾದ ನೀಲಿ ಇಲ್ಲ, ಬರೀ ಕಿತ್ತಳೆ ಉಳಿಯುತ್ತದೆ. ಎಳೆದು ಹಚ್ಚಲಿಲ್ಲ, ಎಳೆದರೆ ಎಲ್ಲಿ ಬೇಕೋ ಅಲ್ಲಿಂದಲೇ ಬಣ್ಣ ಎದ್ದುಹೋಗುತ್ತದೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದಳು. ನನಗೆ ಆ ಹುಡುಗಿಯ ಮೇಲೆ ನಂಬಿಕೆ ಬಂದದ್ದು ಆಗ. ಕನ್ಸೀಲರ್ ಹಚ್ಚುವ ಮೊದಲೇ ಫಲಿತಾಂಶ ಗೊತ್ತಾಗಬೇಕು: ಬೂದು ಇನ್ನೂ ಉಳಿದಿದ್ದರೆ ಕಿತ್ತಳೆ ಸಾಲದು, ಕಿತ್ತಳೆಯೇ ಕಾಣುತ್ತಿದ್ದರೆ ಹೆಚ್ಚಾಯಿತು. ಕಣ್ಣಡಿ ಕೆನ್ನೆಗಿಂತ ತುಸು ಮಂಕಾಗಿದ್ದು, ಬಣ್ಣ ಮಾತ್ರ ಕೆನ್ನೆಯದೇ ಆಗಿದ್ದರೆ ಸರಿ.

ಆಮೇಲೆ ಕನ್ಸೀಲರ್, ಒಂದು ಅಕ್ಕಿಕಾಳಿನಷ್ಟು. ಶೇಡ್ ಕೆನ್ನೆಯದೇ, ಹಳದಿ ಹೊನ್ನಿನ ಛಾಯೆಯದು, ಗುಲಾಬಿ ಛಾಯೆಯದಲ್ಲ. ನಾದಿನಿ ಕನ್ನಡಿ ನೋಡಿ, “ಇನ್ನೂ ಸ್ವಲ್ಪ ಬೆಳ್ಳಗಿರೋದು ಹಚ್ಚಮ್ಮ” ಅಂದಳು.

“ಬೇಡ ಆಂಟಿ, ಫೋಟೋದಲ್ಲಿ ಬೂದು ಹೊಡೆಯುತ್ತೆ. ಧಾರೆ ಹೊತ್ತಿಗೆ ನೀವೇ ಬೈತೀರ.”

ಒದ್ದೆ ಮಾಡಿ ಹಿಂಡಿದ ಸ್ಪಾಂಜಿನಲ್ಲಿ ಒತ್ತುತ್ತಾ ಅಂಚುಗಳನ್ನು ಕೆನ್ನೆಗೆ ಸೇರಿಸಿದಳು. ಕೆಳರೆಪ್ಪೆಯ ಕೂದಲಿನ ಬುಡಕ್ಕೆ ಹೋಗಲಿಲ್ಲ. ಮಾತಾಡಿದಾಗ, ನಕ್ಕಾಗ ಅಲ್ಲಿನ ಚರ್ಮ ಮಡಚುತ್ತದೆ, ಬಣ್ಣ ಸೇರಿ ಗೆರೆಯಾಗುವುದು ಅಲ್ಲಿಂದಲೇ.

ಈಗ ತಗ್ಗಿನ ಮಾತು. ಕಣ್ಣಿನ ಕೆಳಗಿನಿಂದ ಕೆನ್ನೆಯ ನಡುವಿನವರೆಗೆ ತಲೆಕೆಳಗಾದ ತ್ರಿಕೋನ ಬರೆದು ತುಂಬ ತಿಳಿ ಬಣ್ಣ ತುಂಬುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಕಣ್ಣಡಿ ಸಪಾಟಾಗಿರುವ ಎಳೆಯ ಮುಖಗಳಿಗೆ ಅದು ಒಪ್ಪೀತು. ತಗ್ಗು ಇರುವವರಿಗೆ ಅದರಿಂದ ಕಣ್ಣು ಇನ್ನೂ ಗುಳಿ ಬಿದ್ದಂತೆ ಕಾಣುತ್ತದೆ. ತಿಳಿ ಬಣ್ಣ ಯಾವುದರ ಮೇಲಿದ್ದರೂ ಅದು ಮುಂದಕ್ಕೆ ಬಂದಂತೆ ತೋರುತ್ತದೆ. ತ್ರಿಕೋನದೊಳಗೆ ತಗ್ಗಿನ ಮೇಲಿನ ಊತವೂ ಇದೆ, ಕೆಳಗಿನ ಕೆನ್ನೆಯೂ ಇದೆ. ಆ ಎರಡೂ ಬೆಳಗಿ ಮುಂದೆ ಬಂದರೆ ನಡುವಿನ ತಗ್ಗಿನ ಕತೆ ಏನು? ಮೇಲಿನಿಂದ ದೀಪ ಬಿದ್ದಾಗ ನೆರಳು ಬೀಳುವುದು ಅಲ್ಲೇ, ಅದು ಮೊದಲಿಗಿಂತ ಆಳವಾಗಿ ಕಾಣುತ್ತದೆ. ಮಿನುಗುವ ಹೈಲೈಟರ್ ಹಚ್ಚಿದರಂತೂ ಊತ ಹೊಳೆದು ಗುಳಿ ಎದ್ದು ಕಾಣುತ್ತದೆ.

ಹುಡುಗಿ ಊತವನ್ನು ಮುಟ್ಟಲೇ ಇಲ್ಲ. ಸಣ್ಣ ಬ್ರಷ್ ತೆಗೆದುಕೊಂಡು, ಕೆನ್ನೆಗಿಂತ ಅರ್ಧ ಶೇಡ್ ಮಾತ್ರ ತಿಳಿಯಾದ, ಹೊಳಪಿಲ್ಲದ ಬಣ್ಣದಲ್ಲಿ ತಗ್ಗಿನ ಗುಂಟ ಒಂದು ಎಳೆ ಎಳೆದಳು, ಒಳಮೂಲೆಯಿಂದ ಓರೆಯಾಗಿ ಕೆಳಕ್ಕೆ, ಹೆಚ್ಚೆಂದರೆ ಒಂದೂವರೆ ಸೆಂಟಿಮೀಟರ್. ಅಂಚನ್ನು ಬೆರಳಿನಿಂದ ಮಸುಕು ಮಾಡಿದಳು. ನೆರಳು ಬೀಳುವ ಜಾಗ ಮಾತ್ರ ಬೆಳಗಿದ್ದರಿಂದ ಉಬ್ಬು ತಗ್ಗುಗಳ ವ್ಯತ್ಯಾಸ ಕಡಿಮೆಯಾಯಿತು. ಪೂರ್ತಿ ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ. ಕಣ್ಣಡಿಯ ನೆರಳನ್ನೆಲ್ಲ ಅಳಿಸಿದರೆ ಮುಖ ಮುಖವಾಡವಾಗುತ್ತದೆ.

ಪೌಡರಿನಲ್ಲಿಯೂ ಕೆಲಸ ಕೆಡುವುದುಂಟು. ಬಿಳಿ ಪೌಡರನ್ನು ದಪ್ಪಗೆ ಸುರಿದು ಹತ್ತು ನಿಮಿಷ ಬಿಡುವ ಪದ್ಧತಿ ಒಣ ಚರ್ಮಕ್ಕೆ ಒಳ್ಳೆಯದಲ್ಲ. ಗೆರೆಗಳು ಏಳುತ್ತವೆ, ಅಷ್ಟು ಕಷ್ಟಪಟ್ಟು ತೆಗೆದ ಬೂದು ವಾಪಸು ಬರುತ್ತದೆ. ಸಿಲಿಕಾ ಹೆಚ್ಚಿರುವ ಬಿಳಿ ಪೌಡರ್ ಕೋಣೆಯ ಬೆಳಕಿನಲ್ಲಿ ಏನೂ ತೋರುವುದಿಲ್ಲ, ಫ್ಲ್ಯಾಶ್ ಬಿದ್ದೊಡನೆ ಬೆಳ್ಳಗೆ ಮಿಂಚುತ್ತದೆ. ಹುಡುಗಿ ನಾದಿನಿಯನ್ನು ಮೇಲಕ್ಕೆ ನೋಡಲು ಹೇಳಿ, ಅಷ್ಟರಲ್ಲಾಗಲೇ ಗೆರೆಯಲ್ಲಿ ಸೇರಿದ್ದ ಕನ್ಸೀಲರನ್ನು ಬೆರಳಿನಿಂದ ಒತ್ತಿ ಸರಿಮಾಡಿ, ಕೂಡಲೇ ಹಳದಿ ಛಾಯೆಯ ಪೌಡರನ್ನು ಸಣ್ಣ ಬ್ರಷ್ಷಿನಲ್ಲಿ ಒಂದು ಸಲ ಒತ್ತಿದಳು. ಆಮೇಲೆ ಕಿಟಕಿಯ ಹತ್ತಿರ ನಿಲ್ಲಿಸಿ ನೋಡಿದಳು, ಮೊಬೈಲಿನ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆದಳು. ಕನ್ನಡಿಯ ಸುತ್ತ ಹಳದಿ ಬಲ್ಬು ಇದ್ದರೆ ಬೂದು ಅಡಗಿಬಿಡುತ್ತದೆ, ಅದನ್ನು ನಂಬುವಂತಿಲ್ಲ.

ಇಷ್ಟೆಲ್ಲ ಒಂದು ದಿನದ ಮಾತು. ಕಪ್ಪನ್ನೇ ಕಡಿಮೆ ಮಾಡಿಕೊಳ್ಳಬೇಕೆಂದವರು ಜಾಗರೂಕರಾಗಿರಬೇಕು. ನಿಂಬೆರಸ, ಅಡುಗೆ ಸೋಡಾ ಹಚ್ಚಿದರೆ ಆ ತೆಳು ಚರ್ಮ ಉರಿದು ಕೆಂಪಾಗುತ್ತದೆ, ಉರಿ ಆರಿದ ಮೇಲೆ ನಮ್ಮಂಥ ಬಣ್ಣದವರಲ್ಲಿ ಅಲ್ಲಿ ಇನ್ನಷ್ಟು ಕಪ್ಪು ಉಳಿಯುತ್ತದೆ. ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಬಿಳುಪಿನ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮೊದಲ ಕೆಲವು ವಾರ ಬೆಳ್ಳಗಾದಂತೆ ಕಂಡು, ಮುಂದೆ ಚರ್ಮ ಇನ್ನೂ ತೆಳುವಾಗಿ ನಾಳಗಳು ಎದ್ದು ತೋರುತ್ತವೆ. ಕಣ್ಣಿನ ಹತ್ತಿರ ಬಹುಕಾಲ ಹಚ್ಚಿದರೆ ಕಣ್ಣಿನೊಳಗಿನ ಒತ್ತಡವೂ ಏರಬಹುದು. ತಗ್ಗಿಗೆ ಹಯಲುರಾನಿಕ್ ಆಮ್ಲದ ಫಿಲ್ಲರ್ ಚುಚ್ಚುವ ಚಿಕಿತ್ಸೆಯಲ್ಲೂ ಅದೇ ಹಳೆಯ ಶತ್ರು ಕಾದಿದೆ: ಚರ್ಮಕ್ಕೆ ತೀರ ಹತ್ತಿರ ತುಂಬಿದರೆ ಬೆಳಕು ಚದುರಿ ಆ ಜಾಗ ನೀಲಿಯಾಗಿ ಕಾಣುತ್ತದೆ. ಕೈ ಪಳಗಿದ ಚರ್ಮವೈದ್ಯರೇ ಅದನ್ನು ಮಾಡಬೇಕು.

ಖರ್ಚಿಲ್ಲದ ಕೆಲಸವೊಂದಿದೆ, ಕಣ್ಣುಜ್ಜುವುದನ್ನು ಬಿಡುವುದು. ಉಜ್ಜಿದಷ್ಟೂ ಮೆಲನಿನ್ ಹೆಚ್ಚುತ್ತದೆ. ಅಲರ್ಜಿಯಿಂದ ತುರಿಸುತ್ತಿದ್ದರೆ ಮೊದಲು ಅಲರ್ಜಿಗೆ ಔಷಧಿ ಬೇಕು. ಮೇಕಪ್ ತೆಗೆಯುವಾಗಲೂ ಹತ್ತಿಗೆ ಕಣ್ಣಿನ ಮೇಕಪ್ ತೆಗೆಯುವ ದ್ರವ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಹಾಗೇ ಇಟ್ಟುಕೊಂಡು, ಕಾಡಿಗೆ ಕರಗಿದ ಮೇಲೆ ಒರೆಸಿದರೆ ಉಜ್ಜುವ ಪ್ರಸಂಗವೇ ಬರುವುದಿಲ್ಲ.