ಕ್ಲಿನಿಕ್‌ಗೆ ಬೇಕು ಒಂದು ಖಾಯಂ ಐಪಿ

ತಾಲ್ಲೂಕು ಕೇಂದ್ರದ ಒಂದು ಪುಟ್ಟ ಕ್ಲಿನಿಕ್ ಎಂದುಕೊಳ್ಳಿ. ರೋಗಿಗಳ ದಾಖಲೆಗಳೆಲ್ಲ ರಿಸೆಪ್ಶನ್ ಹಿಂದಿನ ಕೋಣೆಯ ಒಂದೇ ಕಂಪ್ಯೂಟರಿನಲ್ಲಿವೆ. ಡಾಕ್ಟರು ವಾರಕ್ಕೆರಡು ದಿನ ಪಕ್ಕದ ಊರಿಗೆ ಹೋಗುತ್ತಾರೆ; ಅಲ್ಲಿ ಕೂತೇ ಹಳೆಯ ರಿಪೋರ್ಟು ನೋಡಬೇಕು. ಕಂಪ್ಯೂಟರ್ ಹುಡುಗ ಬಂದು ರೂಟರಿನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಮಾಡಿಕೊಟ್ಟ. ಆದರೂ ಹೊರಗಿನಿಂದ ಸಂಪರ್ಕ ಸಿಗಲಿಲ್ಲ. ಕೊನೆಗೆ ಇಂಟರ್ನೆಟ್ ಕಂಪನಿಗೊಂದು ಪತ್ರ ಹೋಯಿತು: ‘ನಮಗೆ ಸ್ಟ್ಯಾಟಿಕ್ ಐಪಿ ಕೊಡಿ.’

ಒಂದೇ ಸಾಲಿನ ಈ ಪತ್ರ ಸಾಲದು. ಏಕೆಂದರೆ ಇಲ್ಲಿರುವ ತೊಂದರೆ ಒಂದಲ್ಲ, ಎರಡು.

ಮೊದಲನೆಯದು, ವಿಳಾಸ ಬದಲಾಗುವುದು. ಕರೆಂಟು ಹೋಗಿ ರೂಟರ್ ಮತ್ತೆ ಚಾಲೂ ಆದಾಗ ಬೇರೆ ಐಪಿ ಸಿಗಬಹುದು. ಇದಷ್ಟೇ ಆಗಿದ್ದರೆ ಪತ್ರವೇ ಬೇಕಿರಲಿಲ್ಲ. ಬದಲಾದ ವಿಳಾಸವನ್ನು ಒಂದು ಖಾಯಂ ಹೆಸರಿಗೆ ತಾನಾಗಿ ಜೋಡಿಸುವ ‘ಡೈನಾಮಿಕ್ ಡಿಎನ್‌ಎಸ್’ ಸೇವೆಯಿಂದ ಕೆಲಸ ನಡೆಯುತ್ತಿತ್ತು.

ಎರಡನೆಯದೇ ದೊಡ್ಡದು. ಐಪಿವಿ4 ಪದ್ಧತಿಯಲ್ಲಿರುವ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅವು ಸಾಲದೆ ಬಂದದ್ದರಿಂದ ಅನೇಕ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ದೊಡ್ಡ ಅಪಾರ್ಟ್‌ಮೆಂಟಿಗೆ ಬಂದ ಕಾಗದದ ಮೇಲೆ ಮನೆ ನಂಬರೇ ಇಲ್ಲದಿದ್ದರೆ ವಾಚ್‌ಮನ್ ಯಾರಿಗೆಂದು ಕೊಟ್ಟಾನು? ಒಳಗಿನಿಂದ ಹೊರಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ಯೂಟ್ಯೂಬ್ ಚೆನ್ನಾಗಿಯೇ ಓಡುತ್ತದೆ. ಹೊರಗಿನಿಂದ ತಾನಾಗಿ ಬಂದ ಕರೆ ಮಾತ್ರ ಕಂಪನಿಯ ಯಂತ್ರದಲ್ಲೇ ನಿಲ್ಲುತ್ತದೆ. ನಮ್ಮ ರೂಟರಿನಲ್ಲಿ ಏನು ತಿದ್ದಿದರೂ ಉಪಯೋಗವಿಲ್ಲ.

ಇದನ್ನು ಪತ್ತೆ ಮಾಡುವುದು ಸುಲಭ. ರೂಟರಿನ ಸ್ಟೇಟಸ್ ಪುಟದಲ್ಲಿ WAN IP ಎಂದಿರುವುದನ್ನು ಬರೆದುಕೊಳ್ಳಿ. ಆಮೇಲೆ ಅದೇ ಸಂಪರ್ಕದಲ್ಲಿ, ‘ನನ್ನ ಐಪಿ ಯಾವುದು’ ಎಂದು ತೋರಿಸುವ ಯಾವುದಾದರೂ ಜಾಲತಾಣ ತೆರೆಯಿರಿ. ಎರಡೂ ಬೇರೆಬೇರೆಯಾಗಿದ್ದರೆ ನೀವು ಸಾಮಾನ್ಯವಾಗಿ ಹಂಚಿಕೆಯ ವಿಳಾಸದಲ್ಲಿದ್ದೀರಿ. ರೂಟರಿನದು 100.64ರಿಂದ 100.127ರೊಳಗೆ ಶುರುವಾಗಿದ್ದರಂತೂ ಅನುಮಾನವೇ ಬೇಡ. ಆ ಸಾಲನ್ನು 2012ರಲ್ಲಿ ಇದೇ ಕೆಲಸಕ್ಕೆಂದು ಮೀಸಲಿಟ್ಟಿದ್ದಾರೆ.

ಇಷ್ಟು ನೋಡಿಕೊಂಡ ಮೇಲೆ ಪತ್ರ ಹೀಗಿರಬಹುದು:

‘ಮಾನ್ಯರೇ, ಮೇಲ್ಕಂಡ ಗ್ರಾಹಕ ಸಂಖ್ಯೆಯ ಫೈಬರ್ ಸಂಪರ್ಕ ನಮ್ಮ ಕ್ಲಿನಿಕ್‌ನದು. ನಮ್ಮ ರೂಟರಿಗೆ ಈಗ ಸಿಗುತ್ತಿರುವುದು 100.72ರಿಂದ ಶುರುವಾಗುವ ಸಿಜಿನ್ಯಾಟ್ ವಿಳಾಸ. ಹೊರಗಿನಿಂದ ವಿಪಿಎನ್ ಮೂಲಕ ನಮ್ಮ ಕಂಪ್ಯೂಟರನ್ನು ತಲುಪಬೇಕಾಗಿರುವುದರಿಂದ, ಬೇರೆ ಗ್ರಾಹಕರೊಡನೆ ಹಂಚಿಕೆಯಾಗದ ಒಂದು ಸ್ಥಿರ ಸಾರ್ವಜನಿಕ ಐಪಿವಿ4 ವಿಳಾಸ ಕೊಡಬೇಕೆಂದು ಕೋರುತ್ತೇವೆ. ಇದಕ್ಕೆ ತಗಲುವ ಶುಲ್ಕ ಜಿಎಸ್‌ಟಿ ಸೇರಿ ಎಷ್ಟು, ಪ್ಲಾನ್ ಬದಲಿಸಬೇಕೆ, ಒಳಬರುವ ಯಾವುದಾದರೂ ಪೋರ್ಟನ್ನು ನೀವು ತಡೆಹಿಡಿದಿದ್ದೀರಾ ಎಂಬುದನ್ನು ತಿಳಿಸಿ. ಬದಲಾವಣೆಯನ್ನು ಕ್ಲಿನಿಕ್ ಮುಚ್ಚಿರುವ ಹೊತ್ತಿನಲ್ಲಿ ಮಾಡಿಕೊಡಿ.’

ಇದರಲ್ಲಿ ಬಿಡಬಾರದ ಮಾತೆಂದರೆ ‘ಹಂಚಿಕೆಯಾಗದ, ಸಾರ್ವಜನಿಕ’ ಎಂಬುದು. ಬರೀ ‘ಸ್ಟ್ಯಾಟಿಕ್’ ಎಂದರೆ ಕಂಪನಿಯ ಒಳಜಾಲದ ವಿಳಾಸವನ್ನೇ ಖಾಯಂ ಮಾಡಿಕೊಟ್ಟರೂ ತಕರಾರು ಮಾಡುವಂತಿಲ್ಲ. ಯಾವ ರೋಗಿಯ ಯಾವ ದಾಖಲೆ ಎಂಬ ವಿವರ ಕಂಪನಿಗೆ ಬೇಕಿಲ್ಲ, ಬರೆಯಲೂಬಾರದು.

ವಿಳಾಸ ಬಂದ ಮೇಲೆ ಪರೀಕ್ಷೆಯನ್ನು ಕ್ಲಿನಿಕ್‌ನ ವೈಫೈಯಲ್ಲಿ ಮಾಡಬೇಡಿ. ಕೆಲವು ರೂಟರುಗಳಲ್ಲಿ ಒಳಗಿನಿಂದ ತನ್ನದೇ ಹೊರವಿಳಾಸ ತೆರೆಯುವುದಿಲ್ಲ, ಸುಮ್ಮನೆ ಕೆಟ್ಟಿದೆ ಎಂದುಕೊಳ್ಳುತ್ತೇವೆ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ನೋಡಿ.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ 3389 ಪೋರ್ಟನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡುವುದು. ತೆರೆದ ಬಾಗಿಲಿಗಾಗಿ ಐಪಿಗಳನ್ನು ಒಂದೊಂದಾಗಿ ತಟ್ಟುವ ತಂತ್ರಾಂಶಗಳು ಹಗಲಿರುಳೂ ಓಡುತ್ತಿರುತ್ತವೆ. ಪಾಸ್‌ವರ್ಡ್ ಸಡಿಲವಾಗಿದ್ದರೆ ಒಳಹೊಕ್ಕು, ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳುತ್ತಾರೆ. ಬದಲಿಗೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಾಕಿಸಿ, ಅದರ ಒಂದು ಯುಡಿಪಿ ಪೋರ್ಟನ್ನು ಮಾತ್ರ ತೆರೆಸಿ. ವಾಡಿಕೆಯ ಸಂಖ್ಯೆ 51820. ಸರಿಯಾದ ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ. ರಿಮೋಟ್ ಡೆಸ್ಕ್‌ಟಾಪನ್ನು ಆ ಸುರಂಗದೊಳಗಿನಿಂದ ಬಳಸಿದರಾಯಿತು.

ಹೊಸ ಐಪಿ ಇದ್ದರೂ ಮಧ್ಯಾಹ್ನದ ಪವರ್ ಕಟ್ಟಿನಲ್ಲಿ ಏನೂ ಸಿಗದಿರಬಹುದು. ಯುಪಿಎಸ್ಸನ್ನು ಕಂಪ್ಯೂಟರಿಗಷ್ಟೇ ಕೊಟ್ಟು, ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯನ್ನೂ ರೂಟರನ್ನೂ ಮರೆತಿರುತ್ತಾರೆ. ಕಂಪ್ಯೂಟರ್ ಸ್ಲೀಪ್‌ಗೆ ಹೋಗದಂತೆಯೂ ಇಡಬೇಕು.

‘ನಿಮ್ಮ ಪ್ಲಾನ್‌ನಲ್ಲಿ ಈ ಸೌಲಭ್ಯ ಇಲ್ಲ’ ಎಂಬ ಉತ್ತರ ಬಂದರೆ, ಟೇಲ್‌ಸ್ಕೇಲ್‌ನಂಥ ಸೇವೆಗಳಿವೆ. ಅದರಲ್ಲಿ ಎರಡೂ ಕಡೆಯ ಕಂಪ್ಯೂಟರುಗಳು ಒಳಗಿನಿಂದ ಹೊರಗೆ ಹೋಗಿ ಪರಸ್ಪರ ಸೇರುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಒಬ್ಬರೇ ಡಾಕ್ಟರು, ಒಂದೇ ಕಂಪ್ಯೂಟರು ಎಂದಾದರೆ ನನ್ನ ಮಟ್ಟಿಗೆ ಪತ್ರ ಬರೆಯುವ ಮೊದಲೇ ಇದನ್ನು ನೋಡುವುದು ಒಳ್ಳೆಯದು. ಲ್ಯಾಬು, ಮೆಡಿಕಲ್ ಶಾಪು, ಎರಡನೇ ಶಾಖೆ ಎಲ್ಲವೂ ಒಂದೇ ಸರ್ವರಿಗೆ ಬರಬೇಕೆಂದಾಗ ಸ್ಥಿರ ಐಪಿಗೆ ಕೊಡುವ ದುಡ್ಡು ಸಾರ್ಥಕ.