ಭುಜದ ಹೊಲಿಗೆ ಎಲ್ಲಿ ಕೂರಬೇಕು?

ದೊಗಲೆ ಬಟ್ಟೆಯ ಫ್ಯಾಷನ್ ಬಂತೆಂದು ತಮ್ಮ ಅಳತೆಗಿಂತ ಎರಡು ಸೈಜ್ ದೊಡ್ಡ ಟೀಶರ್ಟ್ ತಂದವರು ಬಹಳ ಮಂದಿ. ಹಾಕಿಕೊಂಡು ನೋಡಿದರೆ ಕುತ್ತಿಗೆ ಜೋಲುತ್ತದೆ, ಅಂಚು ತೊಡೆಯವರೆಗೆ ಇಳಿಯುತ್ತದೆ, ಅಣ್ಣನ ಅಂಗಿ ತೊಟ್ಟಂತೆ ಕಾಣುತ್ತದೆ. ದೊಡ್ಡ ಸೈಜಿನಲ್ಲಿ ಎಲ್ಲ ಅಳತೆಗಳೂ ಒಟ್ಟಿಗೆ ಹಿಗ್ಗುತ್ತವೆ. ‘ಓವರ್‌ಸೈಜ್ಡ್’ ಎಂದೇ ಕತ್ತರಿಸಿದ ಬಟ್ಟೆಯಲ್ಲಿ ಹಾಗಾಗುವುದಿಲ್ಲ. ಅದರ ಕುತ್ತಿಗೆ ಬಿಗಿಯಾಗಿಯೇ ಇರುತ್ತದೆ, ಉದ್ದ ತುಸುವೇ ಹೆಚ್ಚುತ್ತದೆ, ಎದೆಯ ಅಗಲ ಮತ್ತು ಭುಜ ಮಾತ್ರ ಧಾರಾಳವಾಗುತ್ತವೆ.

ಸ್ಟ್ರೀಟ್‌ವೇರ್‌ಗೂ ಅಚ್ಚುಕಟ್ಟಾದ ಮಿನಿಮಲ್ ಕೋಟಿಗೂ ಇರುವ ವ್ಯತ್ಯಾಸ ತಿಳಿಯಬೇಕಾದರೆ ಬಣ್ಣ, ಬ್ರ್ಯಾಂಡ್ ಬಿಟ್ಟು ಭುಜದ ಹೊಲಿಗೆಯನ್ನು ನೋಡಬೇಕು. ಕೋಟಿನಲ್ಲಿ ಆ ಹೊಲಿಗೆ ಭುಜದ ಮೂಳೆ ಮುಗಿಯುವಲ್ಲಿಯೇ ಕೂರುತ್ತದೆ. ದೊಗಲೆ ಟೀಶರ್ಟಿನಲ್ಲಿ ಅಲ್ಲಿಂದ ಐದಾರು ಸೆಂಟಿಮೀಟರ್ ಕೆಳಗೆ, ತೋಳಿನ ಮೇಲೆ ಇಳಿದಿರುತ್ತದೆ. ಈ ಒಂದು ಬದಲಾವಣೆಯಿಂದ ತೋಳನ್ನು ಕತ್ತರಿಸುವ ಕ್ರಮವೇ ಬೇರೆಯಾಗುತ್ತದೆ. ಇಳಿಭುಜದ ಅಂಗಿಯ ತೋಳಿನ ಮೇಲಂಚು ಹೆಚ್ಚುಕಡಿಮೆ ಸಪಾಟು. ನೇರವಾಗಿ ಹೊಲಿದರೆ ಮುಗಿಯಿತು, ಅದಕ್ಕೇ ಅದು ಕೈಯಿಳಿಬಿಟ್ಟಾಗ ಕಂಕುಳಲ್ಲಿ ಮಡಿಕೆ ಮಡಿಕೆಯಾಗಿ ಬೀಳುತ್ತದೆ. ಆ ಮಡಿಕೆಗಳೇ ಅದರ ಚೆಂದ.

ಕೋಟಿನ ತೋಳಿನ ಮೇಲಂಚು ಎತ್ತರದ ಕಮಾನು. ಅದರ ಸುತ್ತಳತೆ ತೋಳು ಕೂರುವ ರಂಧ್ರಕ್ಕಿಂತ ಎರಡು-ಮೂರು ಸೆಂಟಿಮೀಟರ್ ಹೆಚ್ಚಿರುತ್ತದೆ. ಆ ಹೆಚ್ಚುವರಿಯನ್ನು ನೆರಿಗೆ ಕಾಣದಂತೆ ಹೊಲಿಗೆಯೊಳಗೆ ಅಡಗಿಸುವುದೇ ಟೈಲರನ ಕೈಚಳಕ. ಇನ್ನೊಂದು ಸಂಗತಿ ಅನೇಕರಿಗೆ ಅಚ್ಚರಿ ತರುತ್ತದೆ: ಆ ರಂಧ್ರ ಚಿಕ್ಕದಾಗಿ, ಕಂಕುಳಿಗೆ ಹತ್ತಿರವಿದ್ದಷ್ಟೂ ಕೈ ಸಲೀಸಾಗಿ ಏಳುತ್ತದೆ. ಅದು ಕೆಳಗಿಳಿದಿದ್ದರೆ ಬಸ್ಸಿನ ಸರಳು ಹಿಡಿದಾಗ ಇಡೀ ಕೋಟೇ ಮೇಲೇಳುತ್ತದೆ. ದೊಗಲೆ ಅಂಗಿಯಲ್ಲಿ ಬಟ್ಟೆ ಸಾಕಷ್ಟಿರುವುದರಿಂದ ಅದು ಅಷ್ಟಾಗಿ ತಿಳಿಯುವುದಿಲ್ಲ.

ಎರಡೂ ಶೈಲಿಗಳ ಹುಟ್ಟು ಬೇರೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಸರ್ಫಿಂಗ್ ಹಲಗೆ ಮಾಡುತ್ತಿದ್ದ ಶಾನ್ ಸ್ಟೂಸಿ 1980ರ ದಶಕದ ಆರಂಭದಲ್ಲಿ ತನ್ನ ಸಹಿ ಹಾಕಿದ ಟೀಶರ್ಟ್ ಮಾರತೊಡಗಿದ. ನ್ಯೂಯಾರ್ಕಿನ ಹಿಪ್‌ಹಾಪ್ ಹುಡುಗರು ಅಂಗಿ, ಪ್ಯಾಂಟ್ ಎರಡನ್ನೂ ಹಿಗ್ಗಿಸಿದರು. ಇತ್ತ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ 1968ರಲ್ಲಿ ಅಂಗಡಿ ತೆರೆದಿದ್ದ ಜಿಲ್ ಸ್ಯಾಂಡರ್ ಅಲಂಕಾರವನ್ನೆಲ್ಲ ಕಳಚಿ, ಒಳ್ಳೆಯ ಬಟ್ಟೆ ಮತ್ತು ಕರಾರುವಾಕ್ಕಾದ ಕತ್ತರಿಯನ್ನೇ ನೆಚ್ಚಿಕೊಂಡಳು.

ಪದರಗಳ ವಿಷಯಕ್ಕೆ ಬಂದರೆ ಸ್ಟ್ರೀಟ್‌ವೇರ್ ಹೆಚ್ಚು ಲೆಕ್ಕಾಚಾರ ಬೇಡುತ್ತದೆ. ಒಳಗೆ ತೆಳುವಾದ ಉದ್ದ ಟೀಶರ್ಟ್, ಅದರ ಮೇಲೆ ದಪ್ಪ ಹೂಡಿ, ಮೇಲೆ ಸೊಂಟದವರೆಗಿನ ಜಾಕೆಟ್ ಎಂದಿಟ್ಟುಕೊಳ್ಳಿ. ಒಳಗಿನದು ಹೂಡಿಯ ಕೆಳಗೆ ನಾಲ್ಕೈದು ಸೆಂಟಿಮೀಟರ್ ಇಣುಕಿದರೆ ಬೇಕೆಂದೇ ಹಾಕಿದ್ದು ಎಂದು ಗೊತ್ತಾಗುತ್ತದೆ. ಒಂದೇ ಸೆಂಟಿಮೀಟರ್ ಇಣುಕಿದರೆ ಒಳ ಬನಿಯನ್ ಹೊರಬಂದಂತೆ ಕಾಣುತ್ತದೆ. ಮೇಲಿನ ಜಾಕೆಟ್ಟಿನ ತೋಳು ಒಳಗಿನ ಹೂಡಿಯ ತೋಳಿಗಿಂತ ಅಗಲವಿರಲೇಬೇಕು, ಇಲ್ಲವಾದರೆ ಮೊಣಕೈಯಲ್ಲಿ ಬಟ್ಟೆ ಗಂಟುಕಟ್ಟುತ್ತದೆ. ಬಟ್ಟೆಯ ತೂಕವೂ ಮುಖ್ಯ. ಚದರ ಮೀಟರಿಗೆ 160 ಗ್ರಾಂ ತೂಗುವ ತೆಳು ಹತ್ತಿಯಲ್ಲಿ ದೊಗಲೆ ಅಂಗಿ ಹೊಲಿದರೆ ಮೈಗೆ ಅಂಟಿ ಜೋತುಬೀಳುತ್ತದೆ. 240 ಗ್ರಾಂ ದಾಟಿದರೆ ತಾನಾಗಿ ಆಕಾರ ಹಿಡಿದು ನಿಲ್ಲುತ್ತದೆ. ನಮ್ಮ ಕರಾವಳಿಯ ಸೆಕೆಗೆ ಈ ಭಾರದ ಬಟ್ಟೆ ಮೂರು ಪದರ ಹಾಕುವ ಮಾತು ಆಡುವಂತಿಲ್ಲ.

ಮಿನಿಮಲ್ ಕೋಟಿನಲ್ಲಿ ಪದರವೆಂದರೆ ಒಳಗಿನ ಶರ್ಟ್ ಮಾತ್ರ, ಅದೂ ಮುಂಗೈಯಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಂಡರೆ ಸಾಕು. ಜೇಬಿನ ಮುಚ್ಚಳ, ಬಣ್ಣದ ಪಟ್ಟಿ ಯಾವುದೂ ಇಲ್ಲದ್ದರಿಂದ ತಪ್ಪು ಮುಚ್ಚಿಕೊಳ್ಳಲು ಜಾಗವಿಲ್ಲ. ಗುಂಡಿ ಹಾಕಿದಾಗ ಹೊಟ್ಟೆಯ ಮೇಲೆ ಗುಣಾಕಾರ ಚಿಹ್ನೆಯಂತೆ ಗೆರೆ ಎದ್ದರೆ ಕೋಟು ಬಿಗಿ. ಕುತ್ತಿಗೆಯ ಹಿಂದೆ ಕಾಲರ್ ಶರ್ಟಿನಿಂದ ಬಿಟ್ಟು ನಿಂತರೆ ಬೆನ್ನಿನ ಅಥವಾ ಭುಜದ ಇಳಿಜಾರಿನ ಅಳತೆ ತಪ್ಪಿದೆ. ತೋಳಿನ ಮೇಲ್ಭಾಗದಲ್ಲಿ ಗುಳಿ ಬಿದ್ದರೆ ಭುಜ ಅಗಲವಾಗಿದೆ.

ಇವೆರಡನ್ನೂ ಬೆಸೆಯಲು ಹೊರಟವನು ಲಾಸ್ ಏಂಜಲೀಸ್‌ನ ಜೆರ‍್ರಿ ಲೊರೆಂಜೊ. ಅವನು 2013ರಲ್ಲಿ ಶುರುಮಾಡಿದ ‘ಫಿಯರ್ ಆಫ್ ಗಾಡ್’ ಉದ್ದನೆಯ ಟೀಶರ್ಟ್, ಹೂಡಿಗಳ ಪದರಗಳಿಂದಲೇ ಹೆಸರಾಯಿತು. 2020ರಲ್ಲಿ ಅದೇ ಬ್ರ್ಯಾಂಡ್ ಇಟಲಿಯ ಸೂಟ್ ತಯಾರಕ ಝೆನ್ಯಾ ಜೊತೆ ಸೇರಿ ಸಡಿಲ ಕೋಟುಗಳನ್ನು ತಂದಿತು. ನನಗೆ ಮೆಚ್ಚುಗೆಯಾದದ್ದು ಅದರ ಸಂಯಮ: ಆಕಾರ ದೊಗಲೆಯಾದರೂ ಒಂದೆರಡು ಮಂದ ಬಣ್ಣಗಳಲ್ಲೇ ಇಡೀ ಉಡುಪು ಮುಗಿಯುತ್ತದೆ.

ಕೊಳ್ಳುವಾಗ ಒಂದು ಮಾತು ನೆನಪಿಡಿ. ಕೋಟಿನ ಸೊಂಟ, ತೋಳಿನ ಉದ್ದ ಇವನ್ನು ಟೈಲರ್ ಸುಲಭವಾಗಿ ಸರಿಮಾಡಿಕೊಡುತ್ತಾನೆ. ಭುಜ ಸರಿಮಾಡಬೇಕೆಂದರೆ ತೋಳು, ಕಾಲರ್ ಬಿಚ್ಚಿ ಹೊಸದಾಗಿಯೇ ಹೊಲಿಯಬೇಕಾಗುತ್ತದೆ. ಹಾಗಾಗಿ ಭುಜ ಕೂರದ ಕೋಟು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಅಂಗಡಿಯಲ್ಲೇ ಬಿಟ್ಟು ಬನ್ನಿ.